ಬರೆಯೋದು ನಾವು, ಮೈಕ್ ಮುಂದೆ ನಿಲ್ಲೋದು ಅವ್ರು: ಅತಿಥಿ ಪರಿಚಯ ಬೇರೆಯವ್ರ ಬಾಯಿಗೆ ಹೊಂದೋ ಹಾಗೆ ಬರೆಯೋದು ಹ್ಯಾಂಗೆ

ಶಿರಸಿ ಕಡೆ ಸೊಸೈಟಿ ವಾರ್ಷಿಕ ಸಭೆ, ಶಾಲೆ ವಾರ್ಷಿಕೋತ್ಸವ, ಯಕ್ಷಗಾನದ ಸನ್ಮಾನ, ಎಂತದೇ ಇರ್ಲಿ, ಸ್ವಾಗತ ಆದ್ಮೇಲೆ ಒಬ್ರು ಎದ್ದು ಅತಿಥಿ ಪರಿಚಯ ಮಾಡ್ಬೇಕು. ಆ ಒಬ್ರು ಸಾಮಾನ್ಯ ಬರೆಯೋ ಅಭ್ಯಾಸ ಇಲ್ದವ್ರು, ಹಾಗಾಗಿ ಹಿಂದಿನ ವಾರ ನನ್ನಂಥವ್ರಿಗೆ ಫೋನ್ ಬರ್ತದೆ, "ತಮಾ, ಒಂದು ಪುಟ ಬರ್ದು ಕೊಡು, ನಾ ಓದ್ತೆ" ಅಂತ. ಸುಮಾರು ವರ್ಷದಿಂದ ಇದೇ ಕೆಲಸ ಮಾಡ್ತಾ ಇದೇನೆ, ಮೊದ್ಲು ಎಷ್ಟು ಕೆಟ್ಟದಾಗಿ ಮಾಡ್ತಿದ್ದೆ ಅಂತ ಈಗ ಗೊತ್ತಾಗಿದೆ. ಇಲ್ಲಿ ಒಂದೇ ಕೇಸ್ ಇಟ್ಕೊಂಡು ಪೂರ್ತಿ ಹೇಳ್ತೇನೆ: ನಮ್ಮೂರ ಸೊಸೈಟಿ ಅಧ್ಯಕ್ಷರು, ವಯಸ್ಸು 60ರ ಮೇಲೆ, ಅಡಿಕೆ ತೋಟದವ್ರು, ಅತಿಥಿಯಾಗಿ ಬರೋ ಸಸ್ಯರೋಗ ವಿಜ್ಞಾನಿ ಮೇಡಂ ಅವ್ರನ್ನ ಪರಿಚಯ ಮಾಡ್ಬೇಕಿತ್ತು.

ಮೊದ್ಲು ನಾ ಕೆಡಿಸಿದ್ದು

ಇದೇ ಅಧ್ಯಕ್ಷರಿಗೆ ಅದಕ್ಕಿಂತ ಹಿಂದಿನ ವರ್ಷ ಬೇರೆ ಒಬ್ಬ ಅತಿಥಿ ಪರಿಚಯ ಬರ್ದು ಕೊಟ್ಟಿದ್ದೆ, ಅದ್ರಲ್ಲಿ ಒಂದು ವಾಕ್ಯ ಹೀಗಿತ್ತು:

"ಧಾರವಾಡದಲ್ಲಿ ಉನ್ನತ ಶಿಕ್ಷಣ ಪಡೆದು, ಹಲವು ವರ್ಷಗಳ ಕಾಲ ತೋಟಗಾರಿಕಾ ಕ್ಷೇತ್ರದಲ್ಲಿ ಗಣನೀಯ ಸೇವೆ ಸಲ್ಲಿಸಿ, ಅನೇಕ ಪ್ರಶಸ್ತಿ ಪುರಸ್ಕಾರಗಳಿಗೆ ಭಾಜನರಾಗಿ, ರೈತರ ಪಾಲಿನ ಆಶಾಕಿರಣವಾಗಿರುವ ಶ್ರೀಯುತ ಇಂಥವರು ಇಂದು ನಮ್ಮೊಂದಿಗಿದ್ದಾರೆ."

ಕಾಗದದ ಮೇಲೆ ತಪ್ಪೇನಿಲ್ಲ. ಸ್ಟೇಜ್ ಮೇಲೆ "ಸಲ್ಲಿಸಿ" ಅಂಬಲ್ಲಿಗೆ ಅವ್ರ ಉಸಿರು ಮುಗೀತು, "ಭಾಜನರಾಗಿ" ಭೋಜನರಾಗಿ ಆತು, ಹಿಂದಿನ ಸಾಲಿನ ಹುಡುಗ್ರು ನಕ್ರು, ಕೊನೆಗೆ ಅತಿಥಿ ಹೆಸರು ಹೇಳೋ ಹೊತ್ತಿಗೆ ದನಿನೇ ಇರ್ಲಿಲ್ಲ. ಪರಿಚಯದಲ್ಲಿ ಹೆಸರೇ ಕೇಳ್ಲಿಲ್ಲ ಅಂದ್ರೆ ಇನ್ನೆಂತ ಉಳೀತು?

ತಪ್ಪು ಅವ್ರದಲ್ಲ. ಬರೆಯೋ ಕನ್ನಡ ಕ್ರಿಯಾಪದನ ಕೊನೆಗೆ ಇಡ್ತದೆ, ಅದ್ರ ಹಿಂದೆ "ಪಡೆದು, ಸಲ್ಲಿಸಿ, ಆಗಿ, ಆಗಿರುವ" ಅಂತ ಎಷ್ಟು ಬೇಕಾದ್ರೂ ಪೋಣಿಸ್ಬಹುದು, ಕಣ್ಣಲ್ಲಿ ಓದೋವಾಗ ಎಂತ ತೊಂದರೆನೂ ಇಲ್ಲ. ಬಾಯಲ್ಲಿ ಹೇಳೋವ್ರಿಗೆ ಮಾತ್ರ ಯಾರ ಬಗ್ಗೆ ಅಂತ ಕೊನೆ ತನಕ ಹಿಡ್ಕೊಂಡೇ ಇರ್ಬೇಕು, ಕೇಳೋವ್ರೂ ಹಾಗೇ ಕಾಯ್ಬೇಕು. ಮಾತಾಡೋವಾಗ ನಾವು ಹಾಗೆ ಮಾಡೂದಿಲ್ಲ. "ಇವ್ರು ಓದಿದ್ದು ಧಾರವಾಡ" ಅಂತೇವೆ, ಅಲ್ಲಿಗೆ ಮಾತು ನಿಂತ್ತು. "ಓದಿದ್ದು, ಬಂದಿದ್ದು, ನೋಡಿದ್ದು" ಅಂತ ಶುರು ಮಾಡಿ ಮುಖ್ಯ ಪದನ ಕೊನೆಗೆ ಇಡೋ ಈ ರೂಪ ಭಾಷಣ ಬರೆಯೋವ್ರಿಗೆ ಬಹಳ ಉಪಯೋಗಕ್ಕೆ ಬರ್ತದೆ, ಕೆಳಗೆ ಮತ್ತೆ ಬರ್ತದೆ ಇದು.

ಹೆಜ್ಜೆ 1: ಅವ್ರ ಮಾತು ಹಿಡಿಯೋದು, ಆದ್ರೆ ಸರಿಯಾದ ಮಾತು

ಬರೆಯೋಕೆ ಕೂರೋ ಮೊದ್ಲು ಅವ್ರು ಮಾತಾಡೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ಬೇಕು, ಕೇಳಿ ಮಾಡಿ, ಕದ್ದು ಅಲ್ಲ. 10 ನಿಮಿಷ ಸಾಕು. "ಅತಿಥಿ ಬಗ್ಗೆ ಹೇಳಿ" ಅಂತ ಕೇಳಿದ್ರೆ ಕೂಡ್ಲೇ ಸೆಟೆದು ಕೂತು "ಅವರು ಬಹಳ ದೊಡ್ಡ ವ್ಯಕ್ತಿಗಳು" ಅಂತ ಶುರು ಮಾಡ್ತಾರೆ, ಅದ್ರಲ್ಲಿ ಎಂತದೂ ಸಿಗೂದಿಲ್ಲ. ನಾ ಕೇಳಿದ್ದು "ಈ ಸಲ ಕೊಳೆ ಹ್ಯಾಂಗಿತ್ತು?" ಅಂತ. ಕೊಳೆ ಅಂದ್ರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗ.

ಇಲ್ಲಿ ನಾ ಇನ್ನೊಂದು ಸಲ ಜಾರಿದೆ. ಜಗಲಿ ಮೇಲೆ ಕೂತು ಕವಳ ಹಾಕ್ತಾ ಮಾತಾಡಿದ್ದನ್ನ ರೆಕಾರ್ಡ್ ಮಾಡಿ, ಅದೇ ಹವ್ಯಕ ಮಾತಲ್ಲಿ ಪರಿಚಯ ಬರ್ದು ತೋರಿಸ್ದೆ, ಭಾರೀ ಸಹಜವಾಗಿ ಬಂತು ಅಂತ ನಂಗೆ ಖುಷಿ. ಅವ್ರು ಓದಿ ಕನ್ನಡಕ ತೆಗೆದಿಟ್ರು. "ಇದು ಮನೆ ಮಾತಾತು ತಮಾ, ಸ್ಟೇಜಿಗೆ ಆಗ್ತಿಲ್ಲೆ."

ಸರಿ ತಾನೇ. ನಮ್ಮ ಜಿಲ್ಲೆಲಿ ಹೆಚ್ಚಿನವ್ರಿಗೆ ಕಮ್ಮಿ ಅಂದ್ರೂ ಎರಡು ಮಾತು ಇರ್ತದೆ: ಮನೇಲಿ ಹವ್ಯಕವೋ ಕೊಂಕಣಿಯೋ ನಾಮಧಾರಿ ಮಾತೋ, ಹೊರಗೆ ಎಲ್ಲಾ ಜಾತಿ ಜನ ಸೇರಿದಲ್ಲಿ ಇನ್ನೊಂದು ಕನ್ನಡ. ಆ ಎರಡನೇದು ಪುಸ್ತಕದ ಕನ್ನಡ ಅಲ್ಲ, ಮನೆ ಮಾತೂ ಅಲ್ಲ. ನಿಮಗೆ ಬೇಕಾದ್ದು ಅದು. ಅದು ಸಿಗೋದು ಅವ್ರು ಸೊಸೈಟಿ ಮೀಟಿಂಗಲ್ಲಿ ಸದಸ್ಯರಿಗೆ ಸಮಾಧಾನ ಹೇಳೋವಾಗ, ಇಲ್ಲಾಂದ್ರೆ ಬ್ಯಾಂಕ್ ಮ್ಯಾನೇಜರ್ ಹತ್ರ ಮಾತಾಡೋವಾಗ. ನಾ ಮತ್ತೆ ಒಂದು ಮೀಟಿಂಗಿಗೆ ಹೋಗಿ ಹಿಂದಿನ ಕುರ್ಚಿಲಿ ಕೂತು ರೆಕಾರ್ಡ್ ಮಾಡ್ಕೊಂಡೆ.

ಹೆಜ್ಜೆ 2: ಇದ್ದ ಹಾಗೇ ಬರ್ಕೊಳ್ಳೋದು

10 ನಿಮಿಷ ಪೂರ್ತಿ ಬೇಡ, ಅವ್ರು ಮೈಮರೆತು ಮಾತಾಡಿದ 1 ನಿಮಿಷ ಆರಿಸ್ಕೊಳ್ಳಿ. ಒಂದಕ್ಷರನೂ ತಿದ್ದಬೇಡಿ. ಅವ್ರು ಉಸಿರಿಗೆ ನಿಂತಲ್ಲೆಲ್ಲ ಒಂದು ಗೆರೆ ಹಾಕಿ. ನಂಗೆ ಸಿಕ್ಕಿದ್ದರಲ್ಲಿ ಒಂದು ತುಂಡು ಹೀಗಿತ್ತು, ಕೊನೆಗೌಡ ಅಂದ್ರೆ ಅಡಿಕೆ ಮರ ಹತ್ತಿ ಮದ್ದು ಹೊಡೆಯೋ, ಕೊಯ್ಯೋ ಆಳು:

ಈಗ ನೋಡಿ / ಕೊಳೆ ಬಂತು ಅಂತ ಇಟ್ಕಳಿ / ನಾವೆಂತ ಮಾಡ್ತೇವೆ / ಇನ್ನೊಂದು ಸಲ ಮದ್ದು ಹೊಡಿಸ್ತೇವೆ / ಹೌದೋ ಅಲ್ದೋ? / ಆದ್ರೆ ಮಳೆ ಬಿಡ್ಬೇಕಲ್ಲ / ಮಳೆ ಬಿಡೂದಿಲ್ಲ / ಕೊನೆಗೌಡ ಸಿಗೂದಿಲ್ಲ / ಸಿಕ್ಕಿದ ದಿನ / ಮತ್ತೆ ಮಳೆ.

ಇಷ್ಟರಲ್ಲೇ ಎಲ್ಲಾ ಇದೆ, ನಿಧಾನ ನೋಡ್ಬೇಕು ಅಷ್ಟೇ. ಒಂದು ಉಸಿರಿಗೆ ಎರಡರಿಂದ ನಾಲ್ಕು ಪದ, ಅದಕ್ಕಿಂತ ಹೆಚ್ಚಿಲ್ಲ, ನಾ ಅವ್ರಿಗೆ ಕೊಟ್ಟ ಹಳೇ ವಾಕ್ಯ ಇದ್ರ ಎಷ್ಟು ಪಟ್ಟು ಆತು ನೀವೇ ಎಣಿಸಿ. ಶುರು "ಈಗ ನೋಡಿ"ಯಿಂದ. ನಡುವೆ ಜನರನ್ನ ಎಳ್ಕೊಳ್ಳೋಕೆ "ಹೌದೋ ಅಲ್ದೋ". "ಬಿಡೂದಿಲ್ಲ, ಸಿಗೂದಿಲ್ಲ" ಅಂತ ಎರಡು ಇಲ್ಲಗಳನ್ನ ಜೋಡಿ ಹಾಕಿ ಮೂರನೇದಕ್ಕೆ ತಿರುಗಿಸ್ತಾರೆ, ಆ ತಿರುವಲ್ಲಿ ಕ್ರಿಯಾಪದನೇ ಇಲ್ಲ, "ಮತ್ತೆ ಮಳೆ" ಅಂತ ಧೊಪ್ ಅಂತ ಇಳಿಸಿಬಿಡ್ತಾರೆ. ಇದು ಅವ್ರ ತಾಳ. "ನಾನು" ಅನ್ನೋ ಪದ ಇಡೀ ರೆಕಾರ್ಡಿಂಗಲ್ಲಿ ಹುಡುಕಿದ್ರೂ ಸಿಗ್ಲಿಲ್ಲ, ಎಲ್ಲಾ "ನಾವು". ರೋಗ ಅಲ್ಲ, ಕೊಳೆ. ಔಷಧ ಸಿಂಪಡಣೆ ಅಲ್ಲ, ಮದ್ದು ಹೊಡ್ಸೋದು. ಮತ್ತೊಂದು, ಹೊಗಳೋ ವಿಶೇಷಣ ಅವ್ರ ಬಾಯಲ್ಲಿ ಇಲ್ವೇ ಇಲ್ಲ. ಒಬ್ಬ ಒಳ್ಳೆ ಕೊನೆಗೌಡನ್ನ ಹೊಗಳೋಕೆ ಅವ್ರು "ಅಂವ ಮರ ಹತ್ತಿದ್ರೆ ಒಂದಡಿಕೆ ಕೆಳಗೆ ಬೀಳೂದಿಲ್ಲ" ಅಂದ್ರು. ಅಂದ್ರೆ ಇವ್ರು ಹೊಗಳೋದು ನಡೆದ ಸಂಗತಿ ಹೇಳಿ. ಇಂಥವ್ರ ಬಾಯಿಗೆ "ಆಶಾಕಿರಣ" ಇಟ್ರೆ ಬಾಡಿಗೆ ಕೋಟು ಹಾಕಿದ ಹಾಗೆ ಕಾಣ್ತದೆ.

ಪದ ಎಣಿಸಿ ವೇಗನೂ ತಗೊಳ್ಳಿ. ಅಧ್ಯಕ್ಷರದ್ದು ನಿಮಿಷಕ್ಕೆ ಸುಮಾರು 80 ಪದ ಬಂತು. ಕಾರ್ಯಕ್ರಮದವ್ರು ಒಂದೂವರೆ ನಿಮಿಷ ಕೊಟ್ಟಿದ್ರೆ 120 ಪದದ ಜಾಗ, ಚಪ್ಪಾಳೆ ನಗು ಕೆಮ್ಮು ಎಲ್ಲಾ ಕಳೆದು ನಾ 100 ಅಂತ ಇಟ್ಕೊಂಡೆ.

ಎಲ್ರಿಗೂ ಸಣ್ಣ ಸಣ್ಣ ವಾಕ್ಯನೇ ಸರಿ ಅಂತ ತಿಳ್ಕೋಬೇಡಿ ಮತ್ತೆ. ಕಾರವಾರದಲ್ಲಿ ಮೀನು ಮಾರೋ ಹೆಂಗಸರ ಸಂಘದ ಅಕ್ಕ ಒಬ್ರಿಗೆ ಬರ್ದು ಕೊಡೋವಾಗ ಇದೇ ಲೆಕ್ಕದಲ್ಲಿ ತುಂಡು ತುಂಡು ಮಾಡಿ ಕೊಟ್ಟಿದ್ದೆ, ಅವ್ರು ಓದಿದ್ರೆ ಯಾರಿಗೋ ಬೈದ ಹಾಗೆ ಕೇಳ್ತಿತ್ತು. ಮಾರ್ಕೆಟಲ್ಲಿ ಕೂಗಿ ಪಳಗಿದ ಗಂಟಲು, ಉಸಿರು ಉದ್ದ, "ಮತ್ತೆ ಡಾಕ್ಟ್ರು ಬಂದ್ರು, ಮತ್ತೆ ನಮ್ಮ ಜೊತೆ ಕೂತ್ರು, ಮತ್ತೆ ಎಲ್ಲರ ಬಿಪಿ ನೋಡಿದ್ರು" ಅಂತ ಸರಪಳಿ ಹಾಕಿ ಮಾತಾಡೋದು ಅವ್ರ ರೀತಿ. ಅವ್ರಿಗೆ ಸರಪಳಿನೇ ಬರೀಬೇಕಾತು. ಇನ್ನೊಂದು, ಅವ್ರ ಮನೆ ಮಾತು ಕೊಂಕಣಿ, ಕನ್ನಡ ಚೆಂದ ಮಾತಾಡ್ತಾರೆ, ಆದ್ರೆ ಓದಿ ಅಭ್ಯಾಸ ಇದ್ದಿದ್ದು ದೇವನಾಗರಿ. ಕನ್ನಡ ಮಾತನ್ನೇ ದೇವನಾಗರಿ ಅಕ್ಷರದಲ್ಲಿ ಬರ್ದು ಕೊಟ್ಟ ಮೇಲೆ ಸಲೀಸಾಗಿ ಓದಿದ್ರು. ಯಾವ ಲಿಪಿ ಬೇಕು ಅಂತ ಕೇಳೋಕೆ ನಾಚ್ಕೋಬೇಡಿ.

ಹೆಜ್ಜೆ 3: ಬಯೋಡೇಟಾ ಮಡಚಿಟ್ಟು ಒಂದು ಪ್ರಶ್ನೆ ಕೇಳೋದು

ಮೇಡಂ ಕಡೆಯಿಂದ ಮೂರು ಪುಟ ಇಂಗ್ಲಿಷ್ ಬಯೋಡೇಟಾ ಬಂದಿತ್ತು, ಪ್ರಬಂಧ, ಸೆಮಿನಾರ್, ಕಮಿಟಿ ಎಲ್ಲಾ. ಅದ್ರಿಂದ ಶುರು ಮಾಡಿದ್ರೆ ಯಾರು ಓದಿದ್ರೂ ಒಂದೇ ಥರ ಕೇಳೋ ಪರಿಚಯ ಆಗ್ತದೆ. ನಾ ಅಧ್ಯಕ್ಷರಿಗೆ ಕೇಳಿದ್ದು ಇಷ್ಟೇ: "ಮೇಡಮ್ಮನ್ನ ನೀವು ಮೊದ್ಲು ನೋಡಿದ್ದು ಎಲ್ಲಿ?"

2019ರ ಮಳೆಗಾಲ. ನಮ್ಮ ಜಿಲ್ಲೆಯವ್ರಿಗೆ ಆ ಆಗಸ್ಟಿನ ನೆರೆ ಮರೀಲಿಕ್ಕೆ ಸಾಧ್ಯ ಇಲ್ಲ. ಎರಡು ಸಲ ಬೋರ್ಡೋ ಮದ್ದು ಹೊಡ್ಸಿದ್ರೂ ಕೊಳೆ ನಿಲ್ಲದೆ ಇವ್ರು ಮೂರನೇ ಸಲಕ್ಕೆ ಮದ್ದು ಕಲಸಿಟ್ಟಿದ್ರು. ಮೇಡಂ ತೋಟಕ್ಕೆ ಬಂದವ್ರು ಮರದ ಕಡೆ ಹೋಗ್ದೆ ಸೀದಾ ಬ್ಯಾರಲ್ ಹತ್ರ ಹೋಗಿ, ಉಜ್ಜಿದ ಕತ್ತಿ ಒಂದು ಕೊಡಿ ಅಂದು, ಮದ್ದಲ್ಲಿ ಅದ್ದಿ ಹಿಡಿದ್ರು. ತೆಗೆದ್ರೆ ಕತ್ತಿ ಮೇಲೆ ಕೆಂಪು. ಗೊತ್ತಿಲ್ದವ್ರಿಗೆ ಹೇಳ್ತೇನೆ, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಹಾಕೋದು ಶೇಕಡಾ 1ರ ಬೋರ್ಡೋ ದ್ರಾವಣದ ಲೆಕ್ಕ. ಸುಣ್ಣ ಹಳೇದಾಗಿ ಸತ್ವ ಹೋಗಿದ್ರೆ ತೂಕ ಸರಿ ಇದ್ರೂ ಸಾಲೂದಿಲ್ಲ, ಆಗ ಮೈಲುತುತ್ತಿನ ತಾಮ್ರ ನೀರಲ್ಲೇ ಕರಗಿ ಉಳೀತದೆ, ಕಬ್ಬಿಣ ಅದ್ದಿದ್ರೆ ಅದ್ರ ಮೇಲೆ ಕೆಂಪಗೆ ಕೂರ್ತದೆ, ಕೊನೆ, ಅಂದ್ರೆ ಅಡಿಕೆ ಗೊಂಚಲು, ಅದ್ರ ಮೇಲೆ ಹೊಡೆದ್ರೆ ಮಳೆಗೆ ತೊಳ್ಕೊಂಡು ಹೋಗ್ತದೆ.

ಮೂರು ಪುಟದ ಬಯೋಡೇಟಾಕ್ಕಿಂತ ಈ ಒಂದು ಕೆಂಪು ಕತ್ತಿ ಜಾಸ್ತಿ ಹೇಳ್ತದೆ. ಸಭೇಲಿ ಕೂತವ್ರೆಲ್ಲ ತೋಟದವ್ರು, ವಿವರಿಸೋ ಅಗತ್ಯನೂ ಇಲ್ಲ.

ಬಯೋಡೇಟಾದಿಂದ ತಗೊಂಡಿದ್ದು ಮೂರೇ: ಎಲ್ಲಿ ಓದಿದ್ದು, ಈಗ ಎಂತ ಹುದ್ದೆ, ಎಷ್ಟು ವರ್ಷ ಕೆಲಸ. ಹುದ್ದೆ ಹೆಸರನ್ನ ಮಾತ್ರ ಅವ್ರ ಶೈಲಿಗೆ ಅಂತ ಬದಲಿಸ್ಬಾರ್ದು, ಸಹ ಪ್ರಾಧ್ಯಾಪಕರೋ ಪ್ರಾಧ್ಯಾಪಕರೋ ಅಂತ ಅತಿಥಿಗೇ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ, ಹೆಸರಿನ ಉಚ್ಚಾರನೂ ಅದೇ ಫೋನಲ್ಲಿ ಕೇಳಿ.

ಹೆಜ್ಜೆ 4: ಬರೆಯೋದು

ನಾ ಕೊನೆಗೆ ಕೊಟ್ಟಿದ್ದು ಇದು. ಒಂದು ಉಸಿರಿಗೆ ಒಂದು ಸಾಲು.

ಈಗ ನೋಡಿ,
ನಮ್ಮ ಇವತ್ತಿನ ಅತಿಥಿಗಳನ್ನ
ನಾವು ಮೊದ್ಲು ನೋಡಿದ್ದು
ಸ್ಟೇಜ್ ಮೇಲಲ್ಲ,
ನಮ್ಮ ತೋಟದಲ್ಲಿ.

ಹತ್ತೊಂಬತ್ತನೇ ಇಸ್ವಿ ಮಳೆಗಾಲ.
ಎರಡು ಸಲ ಮದ್ದು ಹೊಡ್ಸಿದ್ವಿ.
ಕೊಳೆ ನಿಲ್ಲಲಿಲ್ಲ.
ಇವರು ಬಂದ್ರು.
ಮರ ನೋಡ್ಲಿಲ್ಲ,
ಕೊನೆ ನೋಡ್ಲಿಲ್ಲ,
ಮದ್ದಿನ ಬ್ಯಾರಲ್ ಎಲ್ಲಿ ಅಂದ್ರು.
ಒಂದು ಕತ್ತಿ ತಗಂಡು
ಮದ್ದಲ್ಲಿ ಅದ್ದಿದ್ರು.
ತೆಗೆದ್ರೆ,
ಕತ್ತಿ ಕೆಂಪು.

ಮೂವತ್ತು ವರ್ಷದಿಂದ
ಮದ್ದು ಮಾಡ್ತಾ ಇದ್ದವ್ರು ನಾವು.
ಸುಣ್ಣ ಸತ್ತಿದ್ದು
ನಮಗೆ ಗೊತ್ತಾಗ್ಲಿಲ್ಲ.
ಹೌದೋ ಅಲ್ದೋ?

ಇವರು ಓದಿದ್ದು
ಧಾರವಾಡ ಕೃಷಿ ವಿಶ್ವವಿದ್ಯಾಲಯ.
ಈಗ ಅಲ್ಲೇ
ಸಸ್ಯರೋಗಶಾಸ್ತ್ರದ
ಪ್ರಾಧ್ಯಾಪಕರು.
ಅಡಿಕೆ ಕೊಳೆ ಮೇಲೆ
ಇಪ್ಪತ್ತೆರಡು ವರ್ಷ ಕೆಲಸ.
ಇವತ್ತು ಎಲೆಚುಕ್ಕೆ ವಿಷಯ
ನಮ್ಮ ಹತ್ರ ಮಾತಾಡ್ತಾರೆ.
ಡಾಕ್ಟರ್ (ಇಲ್ಲಿ ಪೂರ್ತಿ ಹೆಸರು).

100 ಪದದೊಳಗೇ ಇದೆ. "ಮರ ನೋಡ್ಲಿಲ್ಲ, ಕೊನೆ ನೋಡ್ಲಿಲ್ಲ" ಅಂಬುದು ಅವ್ರದ್ದೇ "ಬಿಡೂದಿಲ್ಲ, ಸಿಗೂದಿಲ್ಲ" ಜೋಡಿ, "ಕತ್ತಿ ಕೆಂಪು" ಅವ್ರ "ಮತ್ತೆ ಮಳೆ". ಅಂದ್ರೆ ಅವ್ರ ಮಾತನ್ನ ಎತ್ತಿ ಇಟ್ಟಿದ್ದಲ್ಲ, ಅವ್ರು ಮಾತು ಕಟ್ಟೋ ರೀತಿನ ಹೊಸ ವಿಷಯಕ್ಕೆ ಹಾಕಿದ್ದು. "ಈಗ ನೋಡಿ" ಒಂದು ಸಲ, "ಹೌದೋ ಅಲ್ದೋ" ಒಂದು ಸಲ, ಅಷ್ಟೇ. ನಿಜವಾಗಿ ಮಾತಾಡೋವಾಗ ಅವ್ರು ಐದು ಸಲ ಅಂತಾರೆ, ಹಾಗಂತ ಐದು ಸಲ ಬರೆದ್ರೆ ಮಿಮಿಕ್ರಿ ಆಗಿ ಜನ ನಗ್ತಾರೆ. ಬೇಕಾದಲ್ಲಿ ಅವ್ರೇ ಸೇರಿಸ್ಕೊಳ್ತಾರೆ.

ಹೆಸರು ಕೊನೆಗೆ ಇಟ್ಟಿದ್ದು ಬೇಕಂತಲೇ. ಹಳೇ ವಾಕ್ಯದಲ್ಲೂ ಹೆಸರು ಹಿಂದೆ ಇತ್ತಲ್ಲ ಅಂದ್ರೆ, ಅಲ್ಲಿ ಉಸಿರು ಮುಗಿದ ಮೇಲೆ ಬರ್ತಿತ್ತು, ಇಲ್ಲಿ ಒಂದು ಹೊಸ ಉಸಿರು ಪೂರ್ತಿ ಅದಕ್ಕೇ ಇದೆ. ಹೆಸರಾದ ಮೇಲೆ "ಅವರನ್ನು ತುಂಬು ಹೃದಯದಿಂದ" ಅಂತೆಲ್ಲ ಅಂಟಿಸ್ಲಿಲ್ಲ, ಹೆಸರು ಬಿದ್ದ ಕೂಡ್ಲೇ ಚಪ್ಪಾಳೆ ಬೀಳ್ಲಿ ಅಂತ.

"ಸಸ್ಯರೋಗಶಾಸ್ತ್ರ" ಕಷ್ಟದ ಪದ, ಆದ್ರೆ ಬಿಡ್ಲಿಕ್ಕೂ ಬರೂದಿಲ್ಲ. ಅದಕ್ಕೆ ಒಂದು ಸಾಲು ಪೂರ್ತಿ ಕೊಟ್ಟು, ಹಿಂದೆ "ಈಗ ಅಲ್ಲೇ" ಅಂತ ಹಗುರದ್ದು ಇಟ್ಟೆ, ಅಲ್ಲಿ ನಿಂತು ಪದ ಒಂದ್ಸಲ ಕಣ್ಣಲ್ಲಿ ನೋಡ್ಕೊಂಡು ಹೇಳ್ಬಹುದು.

ಒಂದು ಸಾಲು ನಾ ಬರ್ದು ಹೊಡೆದು ಹಾಕಿದ್ದು ಇದೆ. ಮೈಸೂರಿನ ಕೃಷಿ ಇಲಾಖೇಲಿದ್ದ ಲೆಸ್ಲಿ ಕೋಲ್ಮನ್ ಸಾಹೇಬ್ರು 1910ರ ಹೊತ್ತಿಗೇ ಕೊಳೆ ಬಗ್ಗೆ ಬರೆದಿದ್ರು, ಅಡಿಕೆಗೆ ಬೋರ್ಡೋ ಬಂದಿದ್ದು ಅವ್ರ ಕೆಲಸದಿಂದ, ನಂಗೆ ಬಹಳ ಇಷ್ಟದ ವಿಷಯ ಅದು. ಅಧ್ಯಕ್ಷರು ಓದಿ "ಇಂವ ಯಾರು?" ಅಂದ್ರು. ಅವ್ರು ಕೇಳದ ಹೆಸರು ಅವ್ರ ಬಾಯಲ್ಲಿ ಬಂದ್ರೆ ಊರವ್ರಿಗೆ ಆ ಕ್ಷಣಕ್ಕೇ ಗೊತ್ತಾಗ್ತದೆ ಇದು ಯಾರೋ ಬರ್ದು ಕೊಟ್ಟಿದ್ದು ಅಂತ. ಶೈಲಿ ಎಷ್ಟು ಹೊಂದಿದ್ರೂ ವಿಷಯ ಹೊಂದದಿದ್ರೆ ಅಲ್ಲೇ ಸಿಕ್ಕಿಬೀಳ್ತೇವೆ.

"ಅಂತೆ" ಅನ್ನೋದ್ರ ಮೇಲೂ ಒಂದು ಕಣ್ಣಿರ್ಲಿ. ಮಾತಲ್ಲಿ ನಾವು ಬೇರೆಯವ್ರ ಬಗ್ಗೆ "ಪಿಎಚ್‌ಡಿ ಮಾಡಿದಾರಂತೆ" ಅಂತ ಸಲೀಸಾಗಿ ಹೇಳ್ತೇವೆ, ಅವ್ರ ಮಾತಿನ ರೀತಿ ಹಿಡೀತೇನೆ ಅಂತ ಅದನ್ನೂ ಬರೆದ್ರೆ ಅತಿಥಿ ಡಿಗ್ರಿ ಮೇಲೆ ಅನುಮಾನ ಇದ್ದ ಹಾಗೆ ಕೇಳ್ತದೆ.

ಹೆಜ್ಜೆ 5: ಓದಿಸೋದು

ಅವ್ರೇ ಗಟ್ಟಿಯಾಗಿ ಓದ್ಬೇಕು, ನೀವು ಪೆನ್ ಹಿಡ್ಕೊಂಡು ಎದುರು ಕೂರ್ಬೇಕು. ಹೇಳಿಕೊಡ್ಲಿಕ್ಕೆ ಹೋಗ್ಬೇಡಿ. ನಾ ಗಮನಿಸೋದು ಮೂರು. ಒಂದು, ಅವ್ರು ತಮಗೆ ಗೊತ್ತಿಲ್ದೇ ಬದಲಿಸಿ ಓದಿದ ಪದ. ನಾ ಮೊದಲ ಪ್ರತಿಲಿ "ಸುಣ್ಣ ಹಳೆಯದಾಗಿದ್ದು" ಅಂತ ಬರೆದಿದ್ದೆ, ಅವ್ರು ಓದಿದ್ದು "ಸುಣ್ಣ ಸತ್ತಿದ್ದು". ಅವ್ರದ್ದೇ ಸರಿ, ತಕ್ಷಣ ಹಾಗೇ ತಿದ್ದಿದೆ. ಎರಡು, ಒಂದೇ ಜಾಗದಲ್ಲಿ ಎರಡನೇ ಸಲನೂ ತಡವರಿಸಿದ್ರೆ ಅದು ಪ್ರಾಕ್ಟೀಸ್ ಕಮ್ಮಿಯಾಗಿದ್ದಲ್ಲ, ಸಾಲು ಕೆಟ್ಟಿದ್ದು, ಬೇರೆ ಬರೀರಿ. ಮೂರನೇದು ಕಿವಿಗೆ ಮಾತ್ರ ಗೊತ್ತಾಗೋದು: ಎಲ್ಲೋ ಒಂದು ಕಡೆ ದನಿ ಶಾಲೆ ಮಕ್ಕಳು ಪಾಠ ಓದೋ ರಾಗಕ್ಕೆ ತಿರುಗ್ತದೆ. ಆ ಸಾಲು ನಿಮ್ಮದು, ಅವ್ರದ್ದಲ್ಲ. ನನ್ನ ಪ್ರತಿಲಿ ಆ ರಾಗ ಬಂದಿದ್ದು "ಅನುಭವ ಹೊಂದಿದ್ದಾರೆ" ಅಂಬಲ್ಲಿ, "ಇಪ್ಪತ್ತೆರಡು ವರ್ಷ ಕೆಲಸ" ಮಾಡಿದ ಮೇಲೆ ಹೋತು.

ಮೂರು ಸಲ ಓದಿದ್ರೆ ಸಾಕು. ಬಾಯಿಪಾಠ ಮಾಡ್ಲಿಕ್ಕೆ ಹೇಳ್ಬೇಡಿ, ಒಂದು ಸಾಲು ಮರೆತ್ರೆ ಮುಂದಿನದೂ ಹೋಗ್ತದೆ.

ಕಾಗದ

ಸಣ್ಣ ವಿಷಯ ಆದ್ರೂ ಇಲ್ಲೇ ಎಡವೋದು ಹೆಚ್ಚು. ಅಕ್ಷರ ದೊಡ್ಡದಿರ್ಲಿ, ನಾ 20 ಪಾಯಿಂಟ್ ಇಡ್ತೇನೆ. ಸಂಖ್ಯೆ ಅಕ್ಷರದಲ್ಲೇ ಬರೀರಿ, 22 ಅಂತ ಕಂಡ್ರೆ ಕೆಲವ್ರು "ಟ್ವೆಂಟಿ ಟೂ" ಅಂತಾರೆ. "ಡಾ." ಬೇಡ, "ಡಾಕ್ಟರ್". ಒಂದು ಸಾಲಿನ ಪದ ಮುಂದಿನ ಪುಟಕ್ಕೆ ಹೋಗ್ಬಾರ್ದು, ಸಂಗತಿ ಮುಗಿದಲ್ಲೇ ಪುಟ ಮುಗೀಲಿ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಡ್ಬೇಡಿ, ಸ್ಟೇಜ್ ಲೈಟ್ ಬಿದ್ದು ಎಂತದೂ ಕಾಣೂದಿಲ್ಲ. ಎರಡು ಪ್ರತಿ ಮಾಡಿ, ಒಂದು ನಿಮ್ಮ ಜೇಬಲ್ಲಿ ಇರ್ಲಿ.

ಕಾರ್ಯಕ್ರಮದ ದಿನ ಅಧ್ಯಕ್ಷರು "ಕತ್ತಿ ಕೆಂಪು" ಅಂದು ಕಾಗದ ಕೆಳಗೆ ಇಳಿಸಿ, "ನಮ್ಮ ಮುಖಾನೂ ಕೆಂಪು" ಅಂತ ಸೇರಿಸಿದ್ರು. ನಾ ಬರೆದಿದ್ದಲ್ಲ ಅದು. ಸಭೆ ನಕ್ತು, ಮೇಡಮ್ಮೂ ನಕ್ರು, ಅವ್ರು ಬೆರಳಿಟ್ಟು ಸಾಲು ಹುಡ್ಕಿಕೊಂಡು "ಮೂವತ್ತು ವರ್ಷದಿಂದ" ಅಂತ ಮುಂದುವರಿಸಿದ್ರು.